ಗದ್ದಲದಿಂದ ಟಿಪ್ಪಣಿಗಳನ್ನು ಹೊರತಂದ ಬಗೆ

ಎಸ್ಸೆಸ್ಸೆಲ್ಸಿ ವಿಜ್ಞಾನಕ್ಕೆಂದು ಮಾಡಿಕೊಂಡ ವಾಟ್ಸ್ಆ್ಯಪ್ ಗುಂಪಿನಲ್ಲಿ ಟಿಪ್ಪಣಿಯ ಫೋಟೊಗಳೆಲ್ಲ ಶುಭೋದಯದ ಹೂವು, ಕ್ರಿಕೆಟ್ ಸ್ಕೋರುಗಳ ಅಡಿ ಹೂತುಹೋಗುತ್ತಿದ್ದವು. ಬೈದರೆ ಸ್ವಲ್ಪ ಹೊತ್ತು ಮೌನ, ಮತ್ತೆ ಅದೇ ರಾಗ. ಕೊನೆಗೆ ಟಿಪ್ಪಣಿಗೆಂದೇ ಇನ್ನೊಂದು ಗುಂಪು ತೆರೆದು, ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸುವಂತೆ ಸೆಟ್ಟಿಂಗ್ ಬದಲಿಸಿದೆ. ಹರಟೆ ಹಳೆಯದರಲ್ಲೇ ಇರಲಿ. ಅದನ್ನು ನಿಲ್ಲಿಸುವುದು ಬ್ರಹ್ಮನಿಂದಲೂ ಆಗದು.

ಈಗ ಪುಟಗಳನ್ನು ಸ್ಕ್ಯಾನ್ ಮಾಡಿ, ಪಿಡಿಎಫ್‌ಗೆ ‘ಬೆಳಕು-ನಿಮ್ನ ದರ್ಪಣ-ಕಿರಣಚಿತ್ರ’ ಎಂಬಂತೆ ಹೆಸರಿಟ್ಟು ಹಾಕುತ್ತೇವೆ. ಫೋಟೊಗೆ ಹೆಸರಿಲ್ಲ; ಕಡತವಾದರೆ ಹೆಸರು ಹಾಕಿ ಹುಡುಕಿದೊಡನೆ ಸಿಗುತ್ತದೆ.

ಭೇಟಿಗೆ ಎಲ್ಲರ ಸಮಯ ಕೇಳುವುದನ್ನೂ ಬಿಟ್ಟೆವು: ಭಾನುವಾರ ಬೆಳಿಗ್ಗೆ 10ಕ್ಕೆ, ಬಂದವರು ಬಂದಷ್ಟು. ವಸ್ತು ವಕ್ರತಾ ಕೇಂದ್ರದಲ್ಲಿದ್ದರೆ ಪ್ರತಿಬಿಂಬ ಎಲ್ಲಿ ಎಂದು ಒಬ್ಬರು ಹಲಗೆಯ ಮೇಲೆ ಬಿಡಿಸುತ್ತಾರೆ. ಕಿರಣಕ್ಕೆ ಬಾಣದ ಗುರುತು ಮರೆತರೆ ಉಳಿದವರು ಬಿಡುವುದಿಲ್ಲ.