‘ರೇಟ್ ಜಾಸ್ತಿ ಆಯ್ತು’ ಅಂತ ಮೇಲ್ ಬಂದಾಗ ನಾನು ಏನು ಬರೆಯುತ್ತೇನೆ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಬಟ್ಟೆ ಚೀಲದ ಘಟಕ ಇದೆ. ಎಂಟು ಹೊಲಿಗೆ ಯಂತ್ರ, ಒಂದು ಪ್ರಿಂಟಿಂಗ್ ಟೇಬಲ್. ಕಂಪನಿಗಳ ವಾರ್ಷಿಕ ಸಭೆ, ಸಮ್ಮೇಳನ, ಇಂಥವಕ್ಕೆ ಹೆಸರು ಪ್ರಿಂಟ್ ಮಾಡಿದ ಚೀಲ ಹೊಲಿದು ಕೊಡುತ್ತೇವೆ. ಗಿರಾಕಿಗಳು ಹೆಚ್ಚಾಗಿ ಬೆಂಗಳೂರು, ಹುಬ್ಬಳ್ಳಿ ಕಡೆಯವರು, ಹಾಗಾಗಿ ಮಾತೆಲ್ಲ ಮೇಲ್‌ನಲ್ಲೇ. ಕೊಟೇಶನ್ ಕಳಿಸಿದ ಒಂದು ಗಂಟೆಯೊಳಗೆ ‘ರೇಟ್ ಜಾಸ್ತಿ ಆಯ್ತು, ಬೆಸ್ಟ್ ಪ್ರೈಸ್ ಕಳಿಸಿ’ ಅಂತ ಒಂದು ಸಾಲು ಬರುತ್ತದಲ್ಲ, ಅದಕ್ಕೆ ಉತ್ತರ ಬರೆಯೋದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಮೊದಲ ವರ್ಷ ಒಂದು ಕಂಪನಿಗೆ ಚೀಲಕ್ಕೆ 92 ರೂಪಾಯಿ ಅಂತ ಬರೆದಿದ್ದೆ. ಜಾಸ್ತಿ ಅಂದರು. ಆರ್ಡರ್ ಕೈ ತಪ್ಪುತ್ತದೆ ಅನ್ನೋ ಭಯಕ್ಕೆ ಹತ್ತೇ ನಿಮಿಷದಲ್ಲಿ 85 ಅಂತ ಬರೆದುಬಿಟ್ಟೆ. ಅವರು 78 ಕೇಳಿದರು. ಜೊತೆಗೆ ಇನ್ನೊಂದು ಸಾಲು ಇತ್ತು: ‘85ಕ್ಕೆ ಆಗುತ್ತೆ ಅಂದಮೇಲೆ ಮೊದಲೇ 92 ಯಾಕೆ ಹೇಳಿದಿರಿ?’ ಅದಕ್ಕೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಕೊನೆಗೆ 79ಕ್ಕೆ ಒಪ್ಪಿದೆ. ಬಟ್ಟೆ, ಹೊಲಿಗೆ, ಪ್ರಿಂಟ್, ಪ್ಯಾಕಿಂಗ್ ಎಲ್ಲ ಸೇರಿ ನನಗೆ ಬೀಳುತ್ತಿದ್ದದ್ದು 74. ಅಂದರೆ 18 ರೂಪಾಯಿ ಉಳಿಯಬೇಕಾದ ಕಡೆ 5 ಉಳಿಯಿತು. ‘ಹತ್ತು ಪರ್ಸೆಂಟ್ ತಾನೇ, ಬಿಡಿ’ ಅನ್ನುತ್ತಾರೆ. 92ರಲ್ಲಿ ಹತ್ತು ಪರ್ಸೆಂಟ್ ಅಂದರೆ 9 ರೂಪಾಯಿ 20 ಪೈಸೆ, ನನ್ನ ಲಾಭದಲ್ಲಿ ಅರ್ಧ ಅಲ್ಲೇ ಹೋಯಿತು. ಬಟ್ಟೆಯವನು, ಹೊಲಿಯುವ ಅಕ್ಕಂದಿರು ಯಾರೂ ಆ ಹತ್ತು ಪರ್ಸೆಂಟ್ ಕಡಿಮೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲೂಬಾರದು.

ಆಮೇಲೆ ಒಂದು ದಿನ ಚೌಕಿಪೇಟೆಯಲ್ಲಿ ಸೀರೆ ತರಲು ಹೋಗಿದ್ದಾಗ ನನಗೆ ವಿಷಯ ಹೊಳೆಯಿತು. ಅಂಗಡಿಯವರು ಮೊದಲು ಸೀರೆ ಬಿಚ್ಚಿ ಹಾಸುತ್ತಾರೆ, ಸೆರಗು ಕೈಗೆ ಕೊಡುತ್ತಾರೆ, ರೇಟು ಆಮೇಲೆ. ನಾವು ‘ಜಾಸ್ತಿ ಆಯ್ತಣ್ಣ’ ಅನ್ನುವಾಗಲೂ ಸೆರಗು ನಮ್ಮ ಕೈಯಲ್ಲೇ ಇರುತ್ತದೆ. ಮೇಲ್‌ನಲ್ಲಿ ಇದೆಲ್ಲ ಉಲ್ಟಾ. ಬಟ್ಟೆ ಮುಟ್ಟುವ ಮೊದಲೇ ರೇಟು ಹೋಗಿರುತ್ತದೆ. ಅವರ ಮುಂದೆ ಇರೋದು ಬರೀ 92 ಅನ್ನೋ ಅಂಕಿ, ಪಕ್ಕದಲ್ಲಿ ಇನ್ನೊಬ್ಬರ 72. ಅದನ್ನು ನೋಡಿ ಯಾರಾದರೂ ಜಾಸ್ತಿ ಅಂತಲೇ ಅನ್ನುತ್ತಾರೆ. ಅದು ಬೇಡ ಅನ್ನುವ ಮಾತಲ್ಲ. ಬೇಡವಾಗಿದ್ದರೆ ಉತ್ತರವೇ ಬರುತ್ತಿರಲಿಲ್ಲ, ಅಲ್ವಾ?

ಹೋದ ವರ್ಷ ಬೆಂಗಳೂರಿನ ಒಂದು ಕಂಪನಿ ಸಮ್ಮೇಳನಕ್ಕೆ 2,000 ಚೀಲ ಕೇಳಿತ್ತು. ನಾನು ಕೊಟ್ಟಿದ್ದು 180 ಜಿ.ಎಸ್.ಎಂ. ಕಾಟನ್, ಅಂದರೆ ಒಂದು ಚದರ ಮೀಟರಿಗೆ 180 ಗ್ರಾಂ ತೂಗುವ ಬಟ್ಟೆ, ಎರಡು ಬಣ್ಣದ ಪ್ರಿಂಟ್, 92 ರೂಪಾಯಿ, ಜಿ.ಎಸ್.ಟಿ. ಬೇರೆ. ಖರೀದಿ ವಿಭಾಗದ ಮೇಡಂ ಅವರಿಂದ ಅದೇ ಉತ್ತರ ಬಂತು: ಜಾಸ್ತಿ, ಬೇರೆಯವರು 72ಕ್ಕೆ ಕೊಡುತ್ತಿದ್ದಾರೆ. ಆವತ್ತು ತಕ್ಷಣ ಉತ್ತರಿಸಲಿಲ್ಲ. ಮೊದಲು ನನ್ನ ಲೆಕ್ಕವನ್ನೇ ಇನ್ನೊಮ್ಮೆ ನೋಡಿದೆ. ಒಮ್ಮೊಮ್ಮೆ ನಮ್ಮದೇ ತಪ್ಪಿರುತ್ತದೆ, ಹಳೆಯ ಬಟ್ಟೆ ರೇಟು ಹಿಡಿದಿರುತ್ತೇವೆ. ಹಾಗಿದ್ದರೆ ಕಾರಣ ಹೇಳಿ ಸರಿಪಡಿಸಬೇಕು. ಲೆಕ್ಕ ಸರಿ ಇತ್ತು. ಸಂಜೆ ಹೀಗೆ ಬರೆದೆ. ಮೇಲ್ ಇಂಗ್ಲಿಷಿನಲ್ಲಿತ್ತು, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ:

‘ಮೇಡಂ, ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. 72 ಮತ್ತು 92ರ ನಡುವೆ ಇಷ್ಟು ವ್ಯತ್ಯಾಸ ಇದ್ದರೆ ನೀವು ಕೇಳಲೇಬೇಕು. ಒಂದು ವಿಷಯ ತಿಳಿಸುತ್ತೀರಾ, ಆ 72ರ ಚೀಲದ ಬಟ್ಟೆ ಎಷ್ಟು ಜಿ.ಎಸ್.ಎಂ., ಪ್ರಿಂಟ್ ಎಷ್ಟು ಬಣ್ಣ? ಚೀಲದಲ್ಲಿ ನೀವು ಏನೇನು ಹಾಕಿ ಕೊಡುತ್ತೀರಿ ಅಂತ ಗೊತ್ತಾದರೆ ಇಷ್ಟು ದಪ್ಪ ಬಟ್ಟೆ ಬೇಕೋ ಬೇಡವೋ ನಾನೇ ಹೇಳುತ್ತೇನೆ. ಸ್ಯಾಂಪಲ್ ನಾಳೆ ಕೊರಿಯರ್ ಮಾಡುತ್ತೇನೆ.’

ಅಷ್ಟೇ. ‘ನಮ್ಮದು ಬೆಸ್ಟ್ ಕ್ವಾಲಿಟಿ’ ಅಂತ ಒಂದು ಸಾಲೂ ಇಲ್ಲ, ಅದನ್ನು ಎಲ್ಲರೂ ಬರೆಯುತ್ತಾರೆ. ರೇಟು ಇಳಿಸುತ್ತೇನೆ ಅಂತಲೂ ಇಲ್ಲ, ಇಳಿಸಲ್ಲ ಅಂತಲೂ ಇಲ್ಲ. ‘ನಿಮ್ಮ ಬಜೆಟ್ ಎಷ್ಟು’ ಅಂತ ಕೇಳಲಿಲ್ಲ, ಯಾಕಂದರೆ ಹಾಗೆ ಕೇಳಿದರೆ ಅಂಕಿಯ ಮೇಲೆ ಅಂಕಿ ಬಂದು ಮಾತು ಮತ್ತೆ ರೇಟಿಗೇ ಸಿಕ್ಕಿಕೊಳ್ಳುತ್ತದೆ. ಚೀಲದಲ್ಲಿ ಏನು ಹಾಕುತ್ತೀರಿ ಅಂದರೆ ಮಾತು ಚೀಲಕ್ಕೆ ಬರುತ್ತದೆ.

ಬಂತು ಕೂಡ. ಒಂದು ನೋಟ್‌ಬುಕ್, ನೀರಿನ ಬಾಟಲಿ, ಒಂದು ದಪ್ಪ ಪುಸ್ತಕ ಹಾಕುತ್ತಾರಂತೆ. ಆ ಇನ್ನೊಬ್ಬರ ಜಿ.ಎಸ್.ಎಂ. ಅವರಿಗೆ ಗೊತ್ತಿರಲಿಲ್ಲ, ಒಂದು ಸ್ಯಾಂಪಲ್ ಇತ್ತು. ಅದನ್ನೇ ನನಗೆ ಕಳಿಸಿಕೊಟ್ಟರು. ನಾನು ಅವರ ಒಪ್ಪಿಗೆ ಕೇಳಿ ಅದರಲ್ಲಿ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಚೌಕ ಕತ್ತರಿಸಿ, ಚಿನ್ನ ತೂಗುವಂಥ ಸಣ್ಣ ತಕ್ಕಡಿ ಮೇಲೆ ಇಟ್ಟೆ. 1.3 ಗ್ರಾಂ. ಅದನ್ನು ನೂರರಿಂದ ಗುಣಿಸಿದರೆ ಒಂದು ಚದರ ಮೀಟರಿನ ತೂಕ ಸಿಗುತ್ತದೆ, ಅಂದರೆ 130 ಜಿ.ಎಸ್.ಎಂ. ನಮ್ಮ ಬಟ್ಟೆಯ ಚೌಕ 1.8 ಗ್ರಾಂ ತೂಗಿತು. ಎರಡರ ಫೋಟೋ ತೆಗೆದು ಕಳಿಸಿದೆ, ಆ ಸಪ್ಲೈಯರ್ ಬಗ್ಗೆ ಒಂದು ಕೆಟ್ಟ ಮಾತೂ ಬರೆಯಲಿಲ್ಲ. ಅವರದ್ದು ಮೋಸ ಅಲ್ಲ, ಬೇರೆ ಬಟ್ಟೆ, ಅಷ್ಟೇ.

ಜೊತೆಗೆ ಎರಡು ದಾರಿ ಹೇಳಿದೆ. 140 ಜಿ.ಎಸ್.ಎಂ., ಒಂದೇ ಬಣ್ಣದ ಪ್ರಿಂಟ್, 79 ರೂಪಾಯಿ, ಆದರೆ ಆ ಪುಸ್ತಕದ ಭಾರಕ್ಕೆ ಹಿಡಿ ಹೊಲಿದ ಜಾಗದಲ್ಲಿ ಬಟ್ಟೆ ಎಳೆದುಕೊಳ್ಳುತ್ತದೆ. ಇಲ್ಲವೇ 180 ಬಟ್ಟೆಯೇ ಇರಲಿ, ಪ್ರಿಂಟ್ ಒಂದು ಬಣ್ಣ ಮಾಡೋಣ, 88. ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಮಾಡಿ ಚೀಲವನ್ನು ಇನ್ನೊಮ್ಮೆ ಟೇಬಲ್ ಮೇಲೆ ಹಾಕಬೇಕು, ಒಂದು ಬಣ್ಣ ಬಿಟ್ಟರೆ ನನಗೂ ನಿಜವಾಗಿ 4 ರೂಪಾಯಿ ಉಳಿಯುತ್ತದೆ. ರೇಟು ಇಳಿದದ್ದು ಕೆಲಸ ಇಳಿದದ್ದಕ್ಕೆ. ಹೀಗೆ ಮಾಡಿದರೆ ‘ಮೊದಲೇ ಯಾಕೆ ಹೇಳಲಿಲ್ಲ’ ಅನ್ನುವ ಪ್ರಶ್ನೆ ಹುಟ್ಟುವುದೇ ಇಲ್ಲ.

ಅವರು 88ರದ್ದನ್ನು ಆರಿಸಿದರು. ಆದರೂ ಮೇಲಿನವರಿಗೆ ತೋರಿಸಲು ಏನಾದರೂ ಬೇಕು ಅಂದರು. ಇದು ನ್ಯಾಯವಾದ ಮಾತು, ಅವರೂ ಇನ್ನೊಬ್ಬರಿಗೆ ಲೆಕ್ಕ ಕೊಡಬೇಕು. ಆಗ 2 ರೂಪಾಯಿ ಬಿಟ್ಟೆ, ಸುಮ್ನೆ ಅಲ್ಲ. 30 ಪರ್ಸೆಂಟ್ ಅಡ್ವಾನ್ಸ್ ಬದಲು 60 ಪರ್ಸೆಂಟ್ ಕೊಡಬೇಕು ಅಂತ ಅದೇ ಸಾಲಿನಲ್ಲಿ ಬರೆದೆ. ನಗದು ಕೊಟ್ಟರೆ ನನ್ನ ಬಟ್ಟೆಯವರು ಸ್ವಲ್ಪ ಕಡಿಮೆ ಮಾಡುತ್ತಾರೆ, ಆ 2 ರೂಪಾಯಿಯ ಒಂದು ಭಾಗ ಅಲ್ಲಿಂದ ವಾಪಸ್ ಬಂತು. 86ಕ್ಕೆ ಆರ್ಡರ್ ಆಯಿತು, ಚೀಲಕ್ಕೆ 16ಕ್ಕಿಂತ ಸ್ವಲ್ಪ ಜಾಸ್ತಿಯೇ ಉಳಿಯಿತು.

ಎಲ್ಲ ಕಡೆ ಇದು ನಡೆಯುವುದಿಲ್ಲ. ಮೂರು ಕೊಟೇಶನ್ ತೆಗೆದುಕೊಂಡು ಕಡಿಮೆ ಹೇಳಿದವರಿಗೇ ಕೊಡಬೇಕು ಅನ್ನುವ ನಿಯಮ ಇರುವ ಕಡೆ ಖರೀದಿ ಮಾಡುವವರ ಕೈಯಲ್ಲಿ ಏನೂ ಇರುವುದಿಲ್ಲ. ಅಲ್ಲಿ ಮೊದಲ ಮೇಲ್‌ನಲ್ಲೇ ಕೊನೆಯ ರೇಟು ಹಾಕುತ್ತೇನೆ, ಸಿಕ್ಕರೆ ಸಿಕ್ಕಿತು. ಇನ್ನು ಕೆಲವರು ನನ್ನ ಪ್ರಶ್ನೆಗೆ ಉತ್ತರವೇ ಕೊಡದೆ ಮತ್ತೆ ‘ಬೆಸ್ಟ್ ಪ್ರೈಸ್ ಪ್ಲೀಸ್’ ಅಂತ ಮಾತ್ರ ಬರೆಯುತ್ತಾರೆ. ಎರಡನೇ ಸಲವೂ ಹಾಗೇ ಬಂದರೆ ಅವರಿಗೆ ಇನ್ನೊಬ್ಬರ ರೇಟು ಇಳಿಸಲು ನನ್ನ ಅಂಕಿ ಬೇಕಾಗಿದೆ ಅಂತ ತಿಳಿದುಕೊಳ್ಳುತ್ತೇನೆ. ಮೊದಲು ಹೇಳಿದ ರೇಟನ್ನೇ ಮರ್ಯಾದೆಯಿಂದ ಇನ್ನೊಮ್ಮೆ ಬರೆದು ಬಿಡುತ್ತೇನೆ.

ಈಗ ಹೊಸ ಗಿರಾಕಿ ದೊಡ್ಡ ಆರ್ಡರ್ ಕೇಳಿದರೆ ಕೊಟೇಶನ್ ಕಳಿಸಿದ ದಿನವೇ ಎರಡು ಬಟ್ಟೆ ತುಂಡು ಕೊರಿಯರ್ ಮಾಡುತ್ತೇನೆ. 180 ಒಂದು, 140 ಒಂದು, ಮೂಲೆಯಲ್ಲಿ ಪೆನ್ನಿನಿಂದ ತೂಕ ಬರೆದಿರುತ್ತದೆ. ಜಾಸ್ತಿ ಅನ್ನುವ ಮೇಲ್ ಈಗಲೂ ಬರುತ್ತದೆ, ಆದರೆ ‘ದಪ್ಪದ್ದು ಇಷ್ಟವಾಯಿತು, ಇದರಲ್ಲೇ ಏನಾದರೂ ಮಾಡಲು ಆಗುತ್ತಾ’ ಅಂತ ಬರುತ್ತದೆ.