ಕ್ಲಾಸಿನ ಮಕ್ಕಳನ್ನ ಬರ್ತ್‌ಡೇಗೆ ಕರೆಯೋವಾಗ ಇನ್ವಿಟೇಶನ್‌ನಲ್ಲಿ ಏನಿರ್ಬೇಕು (ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ)

ಮಗು ಇಲ್ಲಿ ಕಿಂಡರ್‌ಗಾರ್ಟನ್ ಸೇರಿ ಮೊದಲ ಬರ್ತ್‌ಡೇ ಹತ್ರ ಬಂದಾಗ ನಮ್ಮ ಕನ್ನಡದವರು ತುಂಬಾ ಜನ ಹಾಲ್ ಯಾವ್ದು, ಕೇಕ್ ಎಲ್ಲಿ ಅಂತ ಕೇಳ್ತಾರೆ, ಆದ್ರೆ ನಿಜವಾಗ್ಲೂ ಎಡವೋದು ಇನ್ವಿಟೇಶನ್‌ನಲ್ಲಿ, ಅದಕ್ಕೇ ಅದನ್ನೇ ಸ್ವಲ್ಪ ವಿವರವಾಗಿ ಬರೀತಿದೀನಿ. ಊರಲ್ಲಿ ನಾವು "ಸಂಜೆ ಆರರ ಮೇಲೆ ಮನೆಗೆ ಬನ್ನಿ, ಎಲ್ರೂ ಬನ್ನಿ" ಅಂದ್ರೆ ಸಾಕು. ಇಲ್ಲಿ ಕ್ಲಾಸಿನ ಪೇರೆಂಟ್ಸ್ ನಿಮ್ಮನ್ನ ನೋಡೇ ಇರಲ್ಲ, ಮಗುನ ಬಿಟ್ಟು ಹೋಗೋದಾ ಕೂತಿರೋದಾ, ಎಷ್ಟೊತ್ತಿಗೆ ಕರ್ಕೊಂಡು ಹೋಗ್ಬೇಕು, ಮಗು ಏನು ತಿನ್ನುತ್ತೆ, ಇದೆಲ್ಲ ಅವರಿಗೆ ಆ ಒಂದು ಕಾಗದದಿಂದಾನೇ ಗೊತ್ತಾಗ್ಬೇಕು.

ಒಂದು ಉದಾಹರಣೆ ಇಟ್ಕೊಳ್ಳೋಣ. ಅನ್ವಿಗೆ ಆರು ತುಂಬತ್ತೆ, ಟ್ರ್ಯಾಂಪೊಲಿನ್ ಪಾರ್ಕ್‌ನಲ್ಲಿ ಶನಿವಾರ ಎರಡರಿಂದ ನಾಲ್ಕರವರೆಗೆ ಸ್ಲಾಟ್ ಬುಕ್ ಮಾಡಿದೀರ. ಇಂಗ್ಲಿಷಲ್ಲಿ ನೀವು ಬರ್ಕೊಳ್ಳಿ, ವಿಷಯ ಹೀಗಿರ್ಲಿ:

"ಅನ್ವಿಗೆ ಆರು ವರ್ಷ! (ನಿಮ್ಮ ಮಗುವಿನ ಕಿಂಡರ್‌ಗಾರ್ಟನ್ ಕ್ಲಾಸಿನ ಅನ್ವಿ.) ಶನಿವಾರ, ಮೇ 16, ಮಧ್ಯಾಹ್ನ 2:00ರಿಂದ 4:00. ಪಾರ್ಕಿನ ಹೆಸರು, ಪೂರ್ತಿ ಅಡ್ರೆಸ್. ಮಕ್ಕಳನ್ನ ಬಿಟ್ಟು ಹೋಗ್ಬಹುದು, ನೀವೂ ಇರ್ತೀನಿ ಅಂದ್ರೆ ಸಂತೋಷ. ಪಿಕಪ್ ಸರಿಯಾಗಿ 4:00ಕ್ಕೆ, ಪಾರ್ಟಿ ರೂಮಿನ ಬಾಗಿಲಲ್ಲಿ. 3:20ಕ್ಕೆ ವೆಜ್ ಪಿಜ್ಜಾ ಮತ್ತೆ ಕೇಕ್. ಅಲರ್ಜಿ ಏನಿದ್ರೂ ತಿಳಿಸಿ. ಗಿಫ್ಟ್ ಬೇಡ, ಬಂದ್ರೆ ಸಾಕು. ಬರ್ತೀರಾ ಇಲ್ವಾ ಅಂತ ಮೇ 8ರೊಳಗೆ ಅನ್ವಿ ಅಮ್ಮನಿಗೆ ಮೆಸೇಜ್ ಮಾಡಿ" ಅಂತ ಹೇಳಿ ನಂಬರ್.

ಕೆಳಗೆ ಪಾರ್ಕಿನ ವೇವರ್ ಲಿಂಕ್ ಹಾಕ್ಲೇಬೇಕು, ವೇವರ್ ಅಂದ್ರೆ ಆಡೋವಾಗ ಪೆಟ್ಟಾದ್ರೆ ಪಾರ್ಕಿನವರನ್ನ ಹೊಣೆ ಮಾಡಲ್ಲ ಅಂತ ಒಪ್ಪೋ ಫಾರ್ಮ್. ಇಂಥ ಕಡೆ ಆಡೋಕೆ ಮುಂಚೆ ಮಗುವಿನ ಅಪ್ಪ ಅಮ್ಮನೇ ಸೈನ್ ಮಾಡ್ಬೇಕು, ಬೇರೆಯವರ ಮಗುಗೆ ನೀವು ಸೈನ್ ಮಾಡೋ ಹಾಗಿಲ್ಲ. ಬಿಟ್ಟು ಹೋದ ಪೇರೆಂಟ್ ಫೋನ್ ಎತ್ತದಿದ್ರೆ ಆ ಮಗು ಪಕ್ಕದಲ್ಲಿ ಕೂತು ಬೇರೆಯವರು ಕುಣಿಯೋದನ್ನ ನೋಡ್ಬೇಕಾಗತ್ತೆ, ಅದನ್ನ ನೋಡೋಕೆ ಕಷ್ಟ ಆಗತ್ತೆ ಕಣ್ರೀ. ಗ್ರಿಪ್ ಸಾಕ್ಸ್ ಬೇಕಿದ್ರೆ ಅದನ್ನೂ ಒಂದು ಮಾತು ಬರೀರಿ.

ಟೈಮ್ ಬಗ್ಗೆ ಎರಡು ಮಾತು. ಶುರುವಾಗೋ ಟೈಮ್ ಮಾತ್ರ ಬರೆದು "ಎರಡರ ಮೇಲೆ" ಅಂತ ಬಿಡ್ಬೇಡಿ, ಮುಗಿಯೋ ಟೈಮ್ ಇಲ್ದಿದ್ರೆ ಪೇರೆಂಟ್ಸ್ ಗೊಂದಲ ಆಗ್ತಾರೆ, ಅವರ ಇನ್ನೊಂದು ಮಗುಗೆ ಸಾಕರ್ ಇರತ್ತೆ, ಅದರ ಮಧ್ಯೆ ಇದನ್ನ ಹೊಂದಿಸ್ಕೋಬೇಕು. ರೂಮು ನಿಮ್ಮ ಕೈಲಿರೋದು ನಾಲ್ಕರವರೆಗೆ ಮಾತ್ರ, ಆಮೇಲೆ ಮುಂದಿನ ಪಾರ್ಟಿಯವರು ಬಂದು ನಿಂತಿರ್ತಾರೆ. ಅದಕ್ಕೇ ಕೇಕ್ ಟೈಮ್ ಕೂಡ ಬರೆಯೋದು, ಬೇಗ ಕರ್ಕೊಂಡು ಹೋಗೋರು ಅದಾದ ಮೇಲೆ ಬರ್ತಾರೆ, ಲೇಟಾಗಿ ಬಂದೋರಿಗೂ ಎಷ್ಟು ತಪ್ಪಿತು ಅಂತ ಗೊತ್ತಾಗತ್ತೆ. ಬಿಟ್ಟು ಹೋಗೋ ಪಾರ್ಟಿ ಅನ್ನೋದು ಸಾಮಾನ್ಯವಾಗಿ ಆರು ಏಳು ವರ್ಷದಿಂದ ಮೇಲೆ ನಡೆಯುತ್ತೆ, ಅದಕ್ಕಿಂತ ಚಿಕ್ಕವರಿಗೆ ಪೇರೆಂಟ್ಸ್ ಇರ್ತಾರೆ, ಆದ್ರೆ ಯಾವ ವಯಸ್ಸಾದ್ರೂ ನೀವು ಬರೆದು ತಿಳಿಸಿದ್ರೇನೇ ಒಳ್ಳೇದು. ಪಿಕಪ್‌ಗೆ ಅಜ್ಜಿ ತಾತ ಅಥವಾ ಬೇರೆ ಯಾರಾದ್ರೂ ಬರೋದಾದ್ರೆ ಮುಂಚೆ ಹೆಸರು ಮೆಸೇಜ್ ಮಾಡಿ ಅಂತ ಕೇಳ್ಕೊಳ್ಳಿ, ಗುರುತಿಲ್ಲದವರ ಕೈಗೆ ಮಗುನ ಕೊಡೋಕೆ ಆಗಲ್ಲ.

ಅಲರ್ಜಿ ಲೈನ್‌ನ ಯಾವ ಕಾರಣಕ್ಕೂ ಬಿಡ್ಬೇಡಿ. "ಅಲರ್ಜಿ ಇದ್ರೆ ತಿಳಿಸಿ" ಅಂತ ಬರೆದು ಉತ್ತರ ಬಂದ ಮೇಲೇನೇ ನಿಜವಾದ ಕೆಲಸ ಶುರು. "ನಟ್ ಅಲರ್ಜಿ" ಅಂತ ಯಾರಾದ್ರೂ ಬರೆದ್ರೆ ಯಾವ ನಟ್ ಅಂತ ಕೇಳಿ, ಕಡ್ಲೆಕಾಯಿ ಬೇರೆ, ಗೋಡಂಬಿ ಬಾದಾಮಿ ಪಿಸ್ತಾ ಬೇರೆ ಗುಂಪು, ಒಂದು ಮಗುಗೆ ಒಂದೇ ಇರ್ಬಹುದು, ಎರಡೂ ಇರ್ಬಹುದು. ಇಲ್ಲಿನ ಕಾನೂನಲ್ಲಿ ಮುಖ್ಯ ಅಲರ್ಜಿ ಪದಾರ್ಥ ಒಂಬತ್ತು: ಹಾಲು, ಮೊಟ್ಟೆ, ಮೀನು, ಸೀಗಡಿ ಏಡಿ ಥರದ್ದು, ಗೋಡಂಬಿ ಬಾದಾಮಿ ಥರದ ಟ್ರೀ ನಟ್ಸ್, ಕಡ್ಲೆಕಾಯಿ, ಗೋಧಿ, ಸೋಯಾ, ಎಳ್ಳು. ಎಳ್ಳು ಸೇರಿದ್ದು 2023ರ ಜನವರಿಯಿಂದ. ಇದರಲ್ಲಿ ನಮ್ಮ ಅಡುಗೆ ಎಷ್ಟು ಸಿಕ್ಕಾಕ್ಕೊಳ್ಳುತ್ತೆ ನೋಡಿ: ಪುಳಿಯೋಗರೆ ಗೊಜ್ಜಲ್ಲಿ ಎಳ್ಳೂ ಕಡ್ಲೆಕಾಯೂ ಎರಡೂ ಇರತ್ತೆ, ಚಿತ್ರಾನ್ನಕ್ಕೆ ಒಗ್ಗರಣೆಲಿ ಕಡ್ಲೆಕಾಯಿ, ಕೇಸರಿಬಾತಲ್ಲಿ ಗೋಡಂಬಿ ತುಪ್ಪ. ಗೋಡಂಬಿ ಆರಿಸಿ ತೆಗೆದ್ರೆ ಆಗಲ್ಲ, ಅದೇ ಸೌಟು ಅದೇ ಬಾಣಲೆ ಇದ್ದಾಗ ಸೇಫ್ ಅಂತ ಹೇಳೋಕೆ ಆಗೋದಿಲ್ಲ.

ಅದಕ್ಕೆ ನನ್ನ ಅಭಿಪ್ರಾಯ ಏನಂದ್ರೆ, ಕ್ಲಾಸಿನ ಮಕ್ಕಳ ಪಾರ್ಟಿಗೆ ಮನೆ ಅಡುಗೆ ಬೇಡ. ಪಿಜ್ಜಾ ಮಾಡೋರ ಹತ್ರ ಅಲರ್ಜಿ ವಿವರ ಕೇಳಿ, ಕಪ್‌ಕೇಕ್ ಡಬ್ಬದ ಲೇಬಲ್ ಇರೋದನ್ನ ತಗೊಂಡು ಆ ಡಬ್ಬನ ಪಾರ್ಟಿ ಮುಗಿಯೋ ತನಕ ಬಿಸಾಕದೇ ಇಟ್ಕೊಳ್ಳಿ, ಪೇರೆಂಟ್ ಬಂದು ತಾನೇ ಓದ್ಕೋತಾರೆ. ಒಂದು ವಿಷಯ ನೆನಪಿರ್ಲಿ, ಬೇರೆ ನಟ್ಸ್ ಇರೋ ಕಡೆ ತಯಾರಾಗಿದೆ ಅಂತ ಎಚ್ಚರಿಸೋ ಸಾಲು ಇಲ್ಲಿ ಕಡ್ಡಾಯ ಅಲ್ಲ, ಕಂಪನಿಗೆ ಬಿಟ್ಟಿದ್ದು, ಹಾಗಾಗಿ ಆ ಸಾಲು ಇಲ್ಲ ಅಂತ ಧೈರ್ಯ ಕೊಡ್ಬೇಡಿ. "ನಟ್ ಫ್ರೀ" ಅಂತ ಖಚಿತವಾಗಿ ಗೊತ್ತಿಲ್ದೆ ಇನ್ವಿಟೇಶನ್‌ನಲ್ಲಿ ಬರೀಬೇಡಿ, "ಏನು ಕೊಡ್ತೀವಿ ಅಂತ ಇಲ್ಲಿದೆ, ನಿಮ್ಮ ಮಗುಗೆ ಬೇರೆ ಕಪ್‌ಕೇಕ್ ತಂದ್ರೂ ಸರಿ" ಅಂದ್ರೆ ಅಲರ್ಜಿ ಮಕ್ಕಳ ಅಮ್ಮಂದಿರಿಗೆ ಎಷ್ಟೋ ಸಮಾಧಾನ, ಅವರಿಗೆ ಇದು ಅಭ್ಯಾಸ ಆಗಿರತ್ತೆ. ಗುಡಿ ಬ್ಯಾಗಲ್ಲಿ ತಿಂಡಿ ಹಾಕದೇ ಕ್ರೇಯಾನ್ಸ್, ಸ್ಟಿಕರ್ ಹಾಕಿ.

ಎಪಿಪೆನ್, ಅಂದ್ರೆ ಅಲರ್ಜಿ ಜೋರಾದಾಗ ತಕ್ಷಣ ಹಾಕೋ ಇಂಜೆಕ್ಷನ್ ಪೆನ್, ಇರೋ ಮಗುನ ಬಿಟ್ಟು ಹೋಗ್ತೀನಿ ಅಂದ್ರೆ ಪೇರೆಂಟ್ ಇರೋಕೆ ಆಗತ್ತಾ ಅಂತ ಸಂಕೋಚ ಇಲ್ದೆ ಕೇಳಿ. ಆಗಲ್ಲ ಅಂದ್ರೆ ಆ ಪೆನ್ ರೂಮಿನ ಒಳಗೇ ಇರ್ಬೇಕು, ಕಾರಿನ ಬಿಸಿಲಲ್ಲಿ ಅಲ್ಲ, ಹೇಗೆ ಹಾಕೋದು ಅಂತ ಅವರೇ ತೋರಿಸಿ ಹೋಗ್ಲಿ. ತುಟಿ ಮುಖ ಊದ್ಕೊಂಡ್ರೆ, ಮೈಯೆಲ್ಲಾ ದದ್ದು ಎದ್ದು ವಾಂತಿ ಆದ್ರೆ, ಉಸಿರು ಕಟ್ಟಿದ ಹಾಗೆ ಕೆಮ್ಮಿದ್ರೆ ಅವರು ಹೇಳ್ಕೊಟ್ಟ ಹಾಗೆ ಹಾಕಿ, ತಕ್ಷಣ 911, ಆಮೇಲೆ ಪೇರೆಂಟ್‌ಗೆ ಫೋನ್.

ಗಿಫ್ಟ್ ಲೈನ್ ಚಿಕ್ಕದು. ಬೇಡ ಅಂದ್ರೆ ಬೇಡ ಅಂತ ನೇರವಾಗಿ ಬರೀರಿ, ಆದ್ರೂ ಅರ್ಧ ಜನ ತರ್ತಾರೆ, ತಗೊಂಡು ಒಂದು ಟೇಬಲ್ ಮೇಲಿಡಿ, ಅಲ್ಲೇ ಬಿಚ್ಚೋದು ಬೇಡ, ತರದೇ ಇದ್ದ ಮಕ್ಕಳಿಗೆ ಮುಜುಗರ. ಮನೆಗೆ ಹೋಗಿ ಬಿಚ್ಚಿ ಯಾರು ಏನು ಕೊಟ್ರು ಅಂತ ಬರ್ಕೊಂಡು ಒಂದು ಥ್ಯಾಂಕ್ಸ್ ಮೆಸೇಜ್ ಕಳ್ಸಿ.

ಕಳಿಸೋದು ಎರಡು ಮೂರು ವಾರ ಮುಂಚೆ. ಸ್ಕೂಲಲ್ಲೇ ಹಂಚೋದಾದ್ರೆ ಟೀಚರ್‌ನ ಮೊದಲು ಕೇಳಿ, ತುಂಬಾ ಸ್ಕೂಲಲ್ಲಿ ಇಡೀ ಕ್ಲಾಸನ್ನ ಕರೆದ್ರೆ ಮಾತ್ರ ಅಲ್ಲಿ ಹಂಚೋಕೆ ಬಿಡ್ತಾರೆ. ಅಣ್ಣ ತಮ್ಮ ಅಕ್ಕ ತಂಗಿಯರು ಬರ್ಬಹುದಾ ಅನ್ನೋದನ್ನೂ ಬರೀರಿ, ಪಾರ್ಕಿನವರು ತಲೆ ಲೆಕ್ಕದಲ್ಲೇ ದುಡ್ಡು ತಗೊಳ್ಳೋದು. ನಮ್ಮ ಕನ್ನಡ ಕೂಟದ ಸ್ನೇಹಿತರಿಗೆ ಬೇರೆ ದಿನ ಮನೆಯಲ್ಲಿ ಊಟ ಇಟ್ಕೊಳ್ಳಿ, ಅಲ್ಲಿ ಪುಳಿಯೋಗರೆ ಕೇಸರಿಬಾತ್ ಎಲ್ಲಾ ಆಗ್ಲಿ, ಎರಡನ್ನೂ ಒಂದೇ ರೂಮಲ್ಲಿ ತುರುಕಿದ್ರೆ ಎರಡು ಕಡೆಯವರಿಗೂ ಸುಖ ಇರಲ್ಲ. ಪಾರ್ಟಿಗೆ ಎರಡು ದಿನ ಮುಂಚೆ ಉತ್ತರ ಕೊಡದೇ ಇರೋರಿಗೆ ಒಂದು ಸಾಲಿನ ಮೆಸೇಜ್ ಕಳ್ಸಿ, ಜೊತೆಗೆ ವೇವರ್ ಲಿಂಕ್ ಮತ್ತೊಂದು ಸಲ ಹಾಕಿ.