ಎರಡನೇ ಅಂಗಡಿ ಕೆಡಿಸಿದ್ದು ಮಾಸ್ಟರ್ ಅಲ್ಲ, ನೀರು

ದಾವಣಗೆರೆ ಹಳೇ ಪಿ.ಬಿ. ರಸ್ತೆಯಲ್ಲಿ ತಳ್ಳುಗಾಡಿ ಇಟ್ಟು ಹನ್ನೆರಡು ವರ್ಷ ಆಯ್ತು. ಈಗ ಅಂಗಡಿ ಐದು. ಎರಡನೆಯದು ಹಾಕ್ತೀನಿ ಅಂದಾಗ ನಮ್ಮ ಭಾವ, "ಚಾ ಅಂದ್ರೆ ಕೈಗುಣ ಕಣೋ, ಒಂದೇ ಕೈ ಎರಡು ಕಡೆ ಇರಲ್ಲ" ಅಂದಿದ್ರು. ಮೂರು ತಿಂಗಳು ಅವರ ಮಾತೇ ನಿಜ ಅನ್ನಿಸಿತ್ತು.

2020ರಲ್ಲಿ ಬಂದ ಸ್ವನಿಧಿ ಸಾಲ 10 ಸಾವಿರ ತೀರಿಸಿ, ಮತ್ತೆ 20 ಸಾವಿರ ತಗೊಂಡು, ಚೀಟಿ ಎತ್ತಿ, ಊರಾಚೆ ಒಂದು ಮಳಿಗೆಗೆ ಸುಮಾರು 40 ಸಾವಿರ ಅಡ್ವಾನ್ಸ್ ಕೊಟ್ಟೆ. ಅದೇ ಪುಡಿ, ಅದೇ ನಂದಿನಿ ಹಾಲು, ನಾನೇ ಕಲಿಸಿದ ಹುಡುಗ. ಆದರೂ ಚಾ ಮಂಕಾಗಿ ಕಪ್ಪಿಡೋದು, ಲೋಟದ ಮೇಲೆ ತೆಳ್ಳಗೆ ಪೊರೆ ಕಟ್ಟೋದು. ಹುಡುಗನ್ನ ಬೈದು ಬಿಡಿಸಿದೆ. ಎರಡನೆಯವನೂ ಹೋದ. ಪುಡಿ ಜಾಸ್ತಿ ಹಾಕಿ ನೋಡಿದರೆ ಬರೀ ಒಗರು. ಒಟ್ಟು ಅರವತ್ತು ಸಾವಿರ ಕೈಬಿಟ್ಟಿರಬೇಕು.

ಒಂದು ದಿನ ಅಲ್ಲಿ ಮೋಟರ್ ಕೆಟ್ಟು, ಹಳೇ ಗಾಡಿಯ ಕಾರ್ಪೊರೇಷನ್ ನೀರನ್ನೇ ಎರಡು ಕ್ಯಾನ್ ಒಯ್ದೆ. ಅವತ್ತು ಚಾ ಕೆಂಪಗೆ ಬಂತು! ಮಳಿಗೆಯದು ಬೋರ್ ನೀರು, ಗಡಸು. ಪಾತ್ರೆ ತಳದಲ್ಲಿ ಬಿಳಿ ಸುಣ್ಣ ಕೂತಿದ್ದು ದಿನಾ ಕಣ್ಣಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ. ಬಿಡಿಸಿದ ಇಬ್ಬರು ಹುಡುಗರ ಮನೆಗೂ ಹೋದೆ, ಒಬ್ಬ ವಾಪಸ್ ಬಂದ.

ಆಮೇಲೆ ಶುದ್ಧ ನೀರಿನ ಘಟಕದಿಂದ 5 ರೂಪಾಯಿಗೆ 20 ಲೀಟರ್ ತರಿಸಿದೆ. ಪೊರೆ ಹೋಯ್ತು, ಆದರೆ ರುಚಿ ಯಾಕೋ ಚೂಪು, ಬಾಯಲ್ಲಿ ನಿಲ್ಲಲ್ಲ. ಸ್ವಲ್ಪ ಬೋರ್ ನೀರು ಬೆರೆಸಿದ ಮೇಲೆ ಹದ ಸಿಕ್ತು. ಎಷ್ಟಕ್ಕೆ ಎಷ್ಟು ಅನ್ನೋದು ನನ್ನ ಹತ್ರಾನೇ ಇರಲಿ. ಹೇಗೂ ಪ್ರತಿ ಬೋರಿಗೂ ಬೇರೆ.

ನಡುವೆ ಬೆಲ್ಲದ ಚಾ ಹುಚ್ಚೂ ಹಿಡಿದಿತ್ತು. ಬೆಲ್ಲ ಹಾಕಿ ಕುದಿಸಿದರೆ ಹಾಲು ಒಡೀತಿತ್ತು. ಒಂದು ಬೆಳಗ್ಗೆ ಆರೇಳು ಲೀಟರ್ ಮೋರಿಗೆ ಸುರಿದೆ. ಈಗ ಒಲೆಯಿಂದ ಇಳಿಸಿದ ಮೇಲೆ ಲೋಟದಲ್ಲೇ ಬೆಲ್ಲದ ಪಾಕ ಬೆರೆಸ್ತೀವಿ. ಆದರೂ ಕೆಲವು ಬೆಲ್ಲ ಕೈಕೊಡುತ್ತೆ.

ಲೆಕ್ಕಕ್ಕೆ ಖಾಲಿ ಹಾಲಿನ ಪ್ಯಾಕೆಟ್ ಸಾಕು. ಲೀಟರ್ ಹಾಲಿಗೆ ನಮ್ಮ ಅಳತೆಯಲ್ಲಿ ಹದಿನಾರು ಲೋಟ. ರಾತ್ರಿ ಪ್ಯಾಕೆಟ್ ಎಣಿಸಿ ಗಲ್ಲಾ ನೋಡ್ತೀನಿ. ಹಾಲಿಗೆ ನೀರು ಹೊಡೆದು ಇಪ್ಪತ್ತು ಮಾಡಿ ನಾಲ್ಕರ ದುಡ್ಡು ಜೇಬಿಗಿಳಿಸಿದರೆ ಮಾತ್ರ ಈ ಲೆಕ್ಕಕ್ಕೆ ಸಿಗಲ್ಲ. ಅದಕ್ಕೆ ಹೇಳದೆ ಹೋಗಿ ಒಂದು ಬೈಟು ಕುಡೀಬೇಕು.

ಈಗ ಹೊಸ ಜಾಗಕ್ಕೆ ಅಡ್ವಾನ್ಸ್ ಕೊಡೋ ಮುಂಚೆ ಸ್ಟವ್ ಹೊತ್ತು ಹೋಗಿ, ಅಲ್ಲಿನ ನೀರಲ್ಲೇ ಚಾ ಕಾಸಿ ಮಾಲೀಕರಿಗೂ ಒಂದು ಲೋಟ ಕೊಡ್ತೀನಿ. ಐದನೇ ಅಂಗಡಿ ಗಲ್ಲಾದಲ್ಲಿ ಕೂರೋದು ನಮ್ಮ ಭಾವನೇ.